ಹೆಬ್ಬಾಳೆಯ ಆಚೆ ದಡ

ಹೆಬ್ಬಾಳೆ ಸೇತುವೆ ಮುಳುಗಿತು ಎಂಬ ಸುದ್ದಿ ಚಿಕ್ಕಮಗಳೂರಿನವರಿಗೆ ಹೊಸದೇನಲ್ಲ. ಭದ್ರೆ ಉಕ್ಕಿದರೆ ಕಳಸ, ಹೊರನಾಡುಗಳ ನಡುವಿನ ದಾರಿ ಕಡಿಯುತ್ತದೆ, ಪತ್ರಿಕೆಯಲ್ಲಿ ಚಿತ್ರ ಬರುತ್ತದೆ, ನಾವು ಕಾಫಿ ಹೀರುತ್ತಾ ಪುಟ ಮಗುಚುತ್ತೇವೆ. ಈ ಸಲ ಮಾತ್ರ ಮಗುಚಲಾಗಲಿಲ್ಲ. ಆಚೆ ದಡದಲ್ಲಿ ಸಿಕ್ಕಿಕೊಂಡವರು ನಮ್ಮ ಶ್ರೀಧರ ಮತ್ತು ಅವನ ಸೋದರಮಾವನ ಮಗ ನಾಗರಾಜ. ಮದುವೆ ಮುಂಜಿಗಳಲ್ಲಿ ಒಂದೇ ಪಂಕ್ತಿಯಲ್ಲಿ ಕೂತವರೇ ಹೊರತು, ಇಬ್ಬರೇ ಊರು ಬಿಟ್ಟು ಹೊರಟದ್ದು ಇದೇ ಮೊದಲು.

ಮರಳಿ ಬಂದವರನ್ನು ಪದ್ಮನಾಭಣ್ಣನ ಜಗಲಿಯಲ್ಲಿ ಕೂರಿಸಿ ವಿಚಾರಣೆ ಶುರು ಮಾಡಿದೆವು.

"ತಪ್ಪೆಲ್ಲ ಭಾವನದು" ಎಂದ ಶ್ರೀಧರ. "ಹೊರನಾಡಿನಲ್ಲಿ ಊಟ ಮುಗಿದ ತಕ್ಷಣ ಹೊರಡೋಣ ಎಂದೆ. ಪಾಯಸ ಇನ್ನೊಂದು ಸುತ್ತು ಬರುತ್ತದೆ ಎಂದು ಕೂತ."

"ಬಂತೋ ಇಲ್ಲವೋ?" ಎಂದ ನಾಗರಾಜ.

ಪಾಯಸ ಬಂತು, ಹೊಳೆಯೂ ಬಂತು. ಇವರು ಸೇತುವೆ ಮುಟ್ಟುವಷ್ಟರಲ್ಲಿ ಪೊಲೀಸರು ಅಡ್ಡಗಟ್ಟೆ ಇಟ್ಟಾಗಿತ್ತು. ಮೇಲೆ ಬಿಸಿಲು. "ಹನಿ ಮಳೆಯಿಲ್ಲ, ಸೇತುವೆ ಮುಚ್ಚಿದ್ದೀರಲ್ಲ ಸ್ವಾಮಿ" ಎಂದು ಶ್ರೀಧರ ವಾದಕ್ಕೆ ನಿಂತನಂತೆ. ಪೇದೆ ಉತ್ತರ ಕೊಡದೆ ಮೋಡ ಕವಿದ ಕುದುರೆಮುಖದ ಕಡೆಗೆ ಕೈ ತೋರಿಸಿದರಂತೆ.

"ಅವರು ತೋರಿಸಿದ್ದು ಸರಿಯಾಗಿಯೇ ಇದೆ" ಎಂದರು ಕಳಸದ ಕಡೆಯವರೇ ಆದ ಪದ್ಮನಾಭಣ್ಣ. "ಭದ್ರೆ ಹುಟ್ಟುವುದು ಅಲ್ಲಿ, ಗಂಗಾಮೂಲದಲ್ಲಿ. ಘಟ್ಟದಲ್ಲಿ ಬೆಳಿಗ್ಗೆ ಸುರಿದದ್ದು ಹೆಬ್ಬಾಳೆಗೆ ಆಮೇಲೆ ಬರುತ್ತದೆ. ಸೇತುವೆ ಮೇಲಿನ ಆಕಾಶ ನೋಡಿ ಏನು ಪ್ರಯೋಜನ? ನೀರಿನ ಬಣ್ಣ ನೋಡಬೇಕು. ಕೆಂಪಾಗಿ, ತರಗೆಲೆ, ಕಡ್ಡಿಗಳನ್ನು ಹೊತ್ತು ಬರುತ್ತಿದ್ದರೆ ಇನ್ನೂ ಏರುತ್ತದೆ ಎಂದೇ ಲೆಕ್ಕ."

ನಾಗರಾಜ ತನಗೆ ತಿಳಿದ ವಿಜ್ಞಾನ ಪ್ರಯೋಗಿಸಿದ್ದ. ನೀರಿನ ಅಂಚಿಗೆ ಸರಿಯಾಗಿ ಕಾಫಿ ಗಿಡದ ರೆಂಬೆಯೊಂದನ್ನು ನೆಟ್ಟು ಕಾದನಂತೆ. ಚಹಾ ತಂದು ಕುಡಿಯುವಷ್ಟರಲ್ಲಿ ರೆಂಬೆಯ ತುದಿಯ ಎರಡು ಎಲೆ ಮಾತ್ರ ಉಳಿದಿದ್ದವು. ಲೋಟ ಕೆಳಗಿಡುವಾಗ ಅವೂ ಇಲ್ಲ.

"ಆದರೂ ಸೇತುವೆ ಮೇಲೆ ಮೊಣಕಾಲಿನಷ್ಟೂ ನೀರಿರಲಿಲ್ಲ" ಎಂದ ಶ್ರೀಧರ. "ನಮ್ಮ ಕಾರು ದಾಟುತ್ತಿತ್ತು."

ಪದ್ಮನಾಭಣ್ಣ ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಎದುರಿನವನ ಗ್ರಹಚಾರ ಸರಿಯಿಲ್ಲ ಎಂದರ್ಥ.

"ಸೆಳವಿದ್ದರೆ ಒಂದು ಅಡಿ ನೀರು ಸಾಕಪ್ಪ, ಸಣ್ಣ ಕಾರನ್ನು ಎತ್ತಿ ಪಕ್ಕಕ್ಕೆ ಸರಿಸುವುದಕ್ಕೆ. ಕಾರಿನೊಳಗೆ ತುಂಬಿರುವುದು ಗಾಳಿ, ಅದು ತೇಲಲು ನೋಡುತ್ತದೆ. ಚಕ್ರ ಹಿಡಿತ ಬಿಟ್ಟ ಮೇಲೆ ನೀನು ಚಾಲಕನಲ್ಲ, ಸರಕು. ನೀರಿನಡಿಯಲ್ಲಿ ಅಂಚು ಎಲ್ಲಿದೆ ಎಂದು ಕಾಣುವುದೂ ಇಲ್ಲ."

ಅಷ್ಟರಲ್ಲಿ ಅಲ್ಲಿ ಒಂದು ದಿಮ್ಮಿ ತೇಲಿ ಬಂದು ಸೇತುವೆಗೆ ಗುದ್ದಿ ಅಡ್ಡ ಕೂತಿತಂತೆ. ಅದರ ಬೇರಿಗೆ ಬಿದಿರು, ಬಿದಿರಿಗೆ ಕಸ. ಕಂಬಗಳ ನಡುವಿನ ಕಿಂಡಿ ಕಟ್ಟಿಕೊಂಡ ಮೇಲೆ ನೀರು ಮೇಲೇರದೆ ಇನ್ನೆಲ್ಲಿಗೆ ಹೋಗಬೇಕು? ಶ್ರೀಧರ ವಾದ ನಿಲ್ಲಿಸಿದ್ದು ಆಗಲೇ. ಬಳಸುದಾರಿ ಹಳುವಳ್ಳಿಯ ಮೇಲೆ ಹೋಗುತ್ತದೆ. ಅಲ್ಲಿ ಮರ ಉರುಳಿದೆ ಎಂದು ಯಾರೋ ಹೇಳಿದರು. ಕಾರು ಹೊರನಾಡಿನ ಕಡೆಗೆ ತಿರುಗಿತು.

ಸಿಕ್ಕಿಬೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಬಂದವರಿಗೆಲ್ಲ ಊಟ. ರಾತ್ರಿ ಪಂಕ್ತಿಯಲ್ಲಿ ಬಡಿಸುವವರು ಸಾರಿನ ಸೌಟು ಹಿಡಿದು ನಾಗರಾಜನ ಮುಂದೆ ನಿಂತು, "ಮಧ್ಯಾಹ್ನವೂ ಇಲ್ಲೇ ಕೂತಿದ್ದಿರಲ್ಲವೇ?" ಎಂದರಂತೆ.

"ನೀವೇನೆಂದಿರಿ?" ಎಂದೆ.

"ಸೇತುವೆ ಮುಚ್ಚಿದೆ, ಅನ್ನ ಸ್ವಲ್ಪ ಹೆಚ್ಚು ಹಾಕಿ ಎಂದೆ."

ರಾತ್ರಿಯ ಗೊರಕೆಯ ಬಗ್ಗೆ ಇಬ್ಬರ ಹೇಳಿಕೆಗಳೂ ಹೊಂದಲಿಲ್ಲ, ಬಿಡಿ. ಬೆಳಿಗ್ಗೆ ನೀರು ಇಳಿದಿತ್ತು, ಸೇತುವೆ ಕಾಣುತ್ತಿತ್ತು, ಆದರೂ ಅಡ್ಡಗಟ್ಟೆ ಹಾಗೇ ಇತ್ತು. ಜನ ದಿಮ್ಮಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದರು, ಇಬ್ಬರು ಸಲಿಕೆಯಲ್ಲಿ ಕೆಸರು ಕೆರೆಯುತ್ತಿದ್ದರು. ಕೆಸರಿನಡಿ ಕಾಂಕ್ರೀಟು ಕಿತ್ತಿದೆಯೇ, ದಡ ಸೇರುವಲ್ಲಿ ಮಣ್ಣು ಕೊಚ್ಚಿ ಪೊಳ್ಳಾಗಿದೆಯೇ ಎಂದು ನೋಡಿದ ಮೇಲೆಯೇ ಬಿಡುವುದು. ಶ್ರೀಧರ ಈ ಸಲ ವಾದಿಸಲಿಲ್ಲ. ಪ್ಯಾಂಟು ಮಡಚಿ ತಾನೂ ಹಗ್ಗ ಹಿಡಿದ.

"ಹಗ್ಗ ಹಿಡಿದದ್ದು ನಾನು" ಎಂದ ನಾಗರಾಜ. "ಅವನು ಫೋಟೊ ತೆಗೆಯುತ್ತಿದ್ದ."

ಶ್ರೀಧರ ಮಾತು ಬದಲಿಸಲು ಜೇಬಿನಿಂದ ಖರ್ಚಿನ ಪಟ್ಟಿ ತೆಗೆದ. ಪೆಟ್ರೋಲು, ಚಹಾ, ಕೋಣೆಯ ಬಾಡಿಗೆ ಎಲ್ಲವೂ ಅರ್ಧರ್ಧ. ಕೊನೆಯ ಸಾಲಿನಲ್ಲಿ ಹುಂಡಿಗೆ ಹಾಕಿದ ಇನ್ನೂರು ರೂಪಾಯಿ, ಪೂರ್ತಿ ನಾಗರಾಜನ ಹೆಸರಿಗೆ.

"ಇದೇಕೆ ಭಾವ?"

"ಮೂರು ಸಲ ಪಾಯಸ ಹಾಕಿಸಿಕೊಂಡದ್ದು ಯಾರು?"