ರಾತ್ರಿಯನ್ನು ಎರಡು ಪಾಲು ಮಾಡಿ

"ಅಕ್ಕಾ, ನಿನ್ನೆ ರಾತ್ರಿ ನಾಲ್ಕನೇ ಸಲ ಕರೆದಾಗ ಅತ್ತೆಯವರ ಲಕ್ವದ ಕೈ ಹಿಡಿದು ಜೋರಾಗಿ ಎಳೆದುಬಿಟ್ಟೆ. ಆಮೇಲೆ ಬಾತ್‌ರೂಮಿನಲ್ಲಿ ಕೂತು ಅತ್ತುಬಿಟ್ಟೆ. ನಾನು ಇಷ್ಟು ಕೆಟ್ಟವಳಾದೆನಾ?"

ಇಲ್ಲ ಮಾರಾಯ್ತಿ. ನಿನಗೆ ನಿದ್ದೆ ಇಲ್ಲ, ಅಷ್ಟೆ. ಮೊದಲು ಅವರ ಭುಜ ನೋಡು. ಲಕ್ವ ಹೊಡೆದ ಕೈಯನ್ನು ಎಳೆದರೆ ಭುಜದ ಕೀಲು ಜಾರುವುದುಂಟು. ನೋವು ಅಂದರೆ, ಇಲ್ಲಾ ಊದಿಕೊಂಡಿದ್ದರೆ, ಇವತ್ತೇ ಡಾಕ್ಟರಿಗೆ ತೋರಿಸು. ಇನ್ನು ಮೇಲೆ ಬೆನ್ನಿನ ಅಡಿಗೆ ಒಂದು ಬೆಡ್‌ಶೀಟು ಮಡಚಿ ಹಾಕಿ, ಅದನ್ನೇ ಹಿಡಿದು ಮಗ್ಗುಲು ತಿರುಗಿಸು.

ಮುಲುಂಡಿನ ನಮ್ಮ ಮನೆಯಲ್ಲಿ ಮಾವನವರು ಮಲಗಿದ್ದಾಗ ನಾನೂ ಹೀಗೇ ಆಗಿದ್ದೆ. ಒಂದು ಬೆಳಿಗ್ಗೆ ಬಿಪಿ ಮಾತ್ರೆ ಕೊಟ್ಟದ್ದು ಮರೆತು ಎರಡನೇ ಸಲ ಕೊಟ್ಟೆ. ತಲೆ ತಿರುಗಿ ಅವರು ಮಂಚದಿಂದ ಜಾರಿದರು. ಇನ್ನು ಹೀಗೆ ನಡೆಯುವುದಿಲ್ಲ ಅಂತ ಅವತ್ತು ಗೊತ್ತಾಯಿತು.

ಮೂರು ರಾತ್ರಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟೆ, ಎಷ್ಟು ಗಂಟೆಗೆ ಎದ್ದೆ, ಯಾಕೆ ಎದ್ದೆ ಅಂತ. ರಾತ್ರಿಗೆ ಆರು ಸಲ. ಅದರಲ್ಲಿ ಮೂರು ಮೂತ್ರಕ್ಕೆ, ಒಂದು ಮಗ್ಗುಲಿಗೆ, ಇನ್ನೆರಡು ಸುಮ್ಮನೆ "ಯಾರಿದ್ದೀರಿ" ಅಂತ ಕರೆದದ್ದು. ನೋಟ್‌ಬುಕ್ ನೋಡಿ ಡಾಕ್ಟರು ಸಂಜೆ ಆರಕ್ಕೆ ಕೊಡುತ್ತಿದ್ದ ನೀರಿಳಿಸುವ ಮಾತ್ರೆಯನ್ನು ಬೆಳಿಗ್ಗೆ ಎಂಟಕ್ಕೆ ಬದಲಾಯಿಸಿದರು. ನೀನು ಕೇಳದೆ ಬದಲಾಯಿಸಬೇಡ, ಆದರೆ ಖಂಡಿತ ಕೇಳು. ಹಗಲಿಡೀ ತೂಕಡಿಸುತ್ತಿದ್ದವರನ್ನು ಮಧ್ಯಾಹ್ನ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂರಿಸತೊಡಗಿದೆವು. ಒಂದು ವಾರದಲ್ಲಿ ಆರು ಮೂರಕ್ಕೆ ಇಳಿಯಿತು.

ಆ ಮೂರನ್ನೂ ಒಬ್ಬಳೇ ಎತ್ತಬಾರದು. ನಿನ್ನ ಭಾವ ರಾತ್ರಿ ಹತ್ತರಿಂದ ಎರಡರವರೆಗೆ ನೋಡಿದರು, ಎರಡರಿಂದ ನಾನು. ಒಂಬತ್ತೂವರೆಗೇ ಮಲಗುತ್ತಿದ್ದೆ, ಅದೂ ಅಡುಗೆಮನೆಯಲ್ಲಿ ಬಾಗಿಲು ಮುಚ್ಚಿ. ಅದೇ ಕೋಣೆಯಲ್ಲಿ ಮಲಗಿದರೆ ಪಾಳಿ ಇದ್ದೂ ಇಲ್ಲದಂತೆ, ಅವರು ಕೆಮ್ಮಿದರೂ ಎಚ್ಚರ ಆಗುತ್ತದೆ. ತುಂಡು ತುಂಡಾಗಿ ಏಳು ಗಂಟೆ ಮಲಗಿದರೂ ಬಾರದ ಚೇತನ ಒಂದೇ ಸಮನೆ ನಾಲ್ಕು ಗಂಟೆ ಮಲಗಿದರೆ ಬಂತು. "ನಾನು ಬೆಳಿಗ್ಗೆ ಲೋಕಲ್ ಹಿಡಿಯಬೇಕು" ಅಂತ ನಿನ್ನ ಗಂಡ ಹೇಳಿದರೆ ನನಗೆ ಫೋನ್ ಕೊಡು, ನಾನು ಮಾತಾಡುತ್ತೇನೆ. ಶನಿವಾರ, ಬುಧವಾರ ನರ್ಸಿಂಗ್ ಬ್ಯೂರೋದಿಂದ ನೈಟ್ ಆಯಾ ಕರೆಸುತ್ತಿದ್ದೆವು. ನೀನೂ ಕರೆಸಿದರೆ ಮೊದಲ ರಾತ್ರಿ ಜೊತೆಯಲ್ಲಿದ್ದು ಡೈಪರ್, ಮಗ್ಗುಲು ಎಲ್ಲ ತೋರಿಸಿಕೊಡು.

ಎರಡು ವಾರ ನಿದ್ದೆ ಸಿಕ್ಕಿದ ಮೇಲೂ ಅಳು ನಿಲ್ಲದಿದ್ದರೆ, ಊಟ ಸೇರದಿದ್ದರೆ, ಅದು ಬರೀ ಆಯಾಸ ಅಲ್ಲ, ನೀನೂ ಡಾಕ್ಟರಿಗೆ ತೋರಿಸಬೇಕು. ಸಾಯಬೇಕು ಅಂತಲೋ, ಅತ್ತೆಯವರಿಗೆ ಏನಾದರೂ ಮಾಡಿಬಿಡುತ್ತೇನೆ ಅಂತಲೋ ಅನಿಸಿದರೆ ಆ ಕ್ಷಣವೇ ಪಕ್ಕದ ಮನೆಯವರನ್ನು ಕರೆದು ಅತ್ತೆಯವರ ಹತ್ತಿರ ಕೂರಿಸು, ನೀನು ಹೊರಗೆ ಬಂದು 14416ಕ್ಕೆ ಫೋನ್ ಮಾಡು. ಸರಕಾರದ ಟೆಲಿ ಮಾನಸ್ ಅದು, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಈ ಶನಿವಾರ ರಾತ್ರಿ ನಾನೇ ಬರುತ್ತೇನೆ. ನೀನು ನಮ್ಮ ಮನೆಗೆ ಹೋಗಿ ಮಲಗು, ಬೀಗದ ಕೈ ವಾಚ್‌ಮನ್ ಹತ್ತಿರ ಕೊಟ್ಟಿರುತ್ತೇನೆ.