ಲಾಫ್ ಟ್ರ್ಯಾಕ್‌ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಅಡಿಬರಹ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಟಿವಿ ಹಾಸ್ಯ ಧಾರಾವಾಹಿಗಳ ಬಗ್ಗೆ ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ. ಸಂಜೆ ಆರಕ್ಕೆ ಕಳಿಸಬೇಕು. ಮೂರು ಪದ ಬಗೆಹರಿಯುತ್ತಿಲ್ಲ: ಲಾಫ್ ಟ್ರ್ಯಾಕ್, ಸ್ಟುಡಿಯೋ ಆಡಿಯನ್ಸ್, ಸ್ವೀಟನಿಂಗ್. ಮೊದಲನೆಯದಕ್ಕೆ, ಅಂದರೆ ಜೋಕ್ ಆದಮೇಲೆ ಹಿನ್ನೆಲೆಯಲ್ಲಿ ಕೇಳಿಸುವ ರೆಕಾರ್ಡ್ ಮಾಡಿದ ನಗುವಿಗೆ, 'ನಗೆಪಟ್ಟಿ' ಅಂತ ಹಾಕಿದೆ. ಓದಿದ ತಂಗಿ 'ಇದೇನಕ್ಕ, ದಿನಸಿ ಪಟ್ಟಿ ಥರ ಇದೆ' ಅಂದಳು. ಕೊನೆಯದಕ್ಕೆ 'ನಗುವನ್ನು ಸಿಹಿಗೊಳಿಸಿದರು' ಅಂತ ಬರೆದು ನಾನೇ ನಕ್ಕು ಅಳಿಸಿದೆ. ಸಿಕ್ಕಿಕೊಂಡಿರುವ ವಾಕ್ಯದ ಅರ್ಥ ಇಷ್ಟು: ಯುದ್ಧಭೂಮಿಯ ಆಸ್ಪತ್ರೆಯ ಕತೆ ಹೇಳುವ 'ಮ್ಯಾಶ್' ಧಾರಾವಾಹಿಯಲ್ಲಿ ಆಪರೇಷನ್ ಥಿಯೇಟರಿನ ದೃಶ್ಯಗಳಿಗೆ ಮಾತ್ರ ಲಾಫ್ ಟ್ರ್ಯಾಕ್ ಇರಲಿಲ್ಲ. ಎಲ್ಲದಕ್ಕೂ ಒಂದೇ ಪದ ಸಾಕಾ?

ನುಡಿಗ:
ಪಟ್ಟಿ ಬೇಡ, ಅದು ಸಂಸ್ಕ್ರುತದ ಕಡೆಯಿಂದ ಬಂದದ್ದು. 'ಕೂಡುನಗೆ' ಅನ್ನಿ. ಸ್ಟುಡಿಯೋ ಆಡಿಯನ್ಸಿಗೆ 'ಎದುರುನೋಡುಗರು'. ಮುಗೀತು.

ಪದಪ್ರಿಯ:
ಎದುರುನೋಡುಗರು ಅಂದರೆ ಬಸ್ಸಿಗೆ ಕಾಯುವವರು, ಸ್ವಾಮಿ. ಇನ್ನು 'ನಗೆ' ಬಗ್ಗೆ ಎರಡು ಮಾತು. ತಮಿಳಿನ ನಗೈ ಅನ್ನುವುದಕ್ಕೆ ನಗು ಅನ್ನುವ ಅರ್ಥವೂ ಇದೆ, ಒಡವೆ ಅನ್ನುವ ಅರ್ಥವೂ ಇದೆ. ನಮ್ಮ ನಗ ನಾಣ್ಯದ 'ನಗ' ಕೂಡ ಇಲ್ಲಿಯದೇ ಅಂತ ನಾನು ಈ ಗುಂಪಿನಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಲಾಫ್ ಟ್ರ್ಯಾಕ್ ಅಂದರೆ ಧಾರಾವಾಹಿಗೆ ಮೇಲಿಂದ ತೊಡಿಸಿದ ಒಡವೆ ತಾನೆ? 'ನಗೆದೊಡವು' ಎಷ್ಟು ಚೆಂದ ಇದೆ ನೋಡಿ. ಎಲ್ಲದಕ್ಕೂ ಇದೊಂದೇ ಸಾಕು. ಹೇಗಿದ್ದರೂ ಆ ನಗು ಪೂರ್ತಿ ಸುಳ್ಳೇ, 'ಫ್ರೆಂಡ್ಸ್' ಆಗಲಿ ಇನ್ನೊಂದಾಗಲಿ.

ಸೌಂಡಣ್ಣ:
ಪೂರ್ತಿ ಸುಳ್ಳಲ್ಲ. ಅದಕ್ಕೇ ಒಂದು ಪದ ಸಾಲುವುದಿಲ್ಲ.

ಫ್ರೆಂಡ್ಸ್ ಶೂಟಿಂಗ್ ಆಗಿದ್ದು ಎದುರಿಗೆ ಜನರನ್ನು ಕೂರಿಸಿಕೊಂಡು, ನಾಲ್ಕು ಕ್ಯಾಮೆರಾ ಒಟ್ಟಿಗೆ ಓಡಿಸಿ. ಈ ಪದ್ಧತಿ 1951ರ 'ಐ ಲವ್ ಲೂಸಿ'ಯಿಂದ ಗಟ್ಟಿಯಾಯಿತು, ಆಗ ಮೂರು ಫಿಲ್ಮ್ ಕ್ಯಾಮೆರಾ. ಜನರ ತಲೆ ಮೇಲೆ ಮೈಕ್ ತೂಗುಹಾಕಿರುತ್ತಾರೆ, ಅವರ ನಗು ಬೇರೆ ಟ್ರ್ಯಾಕಿಗೆ ಹೋಗುತ್ತದೆ. ಎಡಿಟಿಂಗ್‌ನಲ್ಲಿ ದೃಶ್ಯವನ್ನು ಕತ್ತರಿಸಿದಾಗ ನಗುವೂ ನಡುವೆ ಕತ್ತರಿಸಿಹೋಗುತ್ತದೆ. ಆ ಬಿರುಕನ್ನು ಮುಚ್ಚಲು, ಅಥವಾ ಜನ ಸಪ್ಪಗೆ ನಕ್ಕ ಕಡೆ ಸ್ವಲ್ಪ ಏರಿಸಲು, ಬೇರೆ ನಗು ಸೇರಿಸುತ್ತಾರೆ. ಸ್ವೀಟನಿಂಗ್ ಅಂದರೆ ಇದು. ನಮ್ಮ ಭಾಷೆಯಲ್ಲಿ ಒಗ್ಗರಣೆ. ಅಡುಗೆ ಆಗಲೇ ಆಗಿದೆ, ಮೇಲೆ ಹಾಕಿದ್ದು ಇದು.

ಮ್ಯಾಶ್ ಹಾಗಲ್ಲ. ಅಲ್ಲಿ ಜನರೇ ಇರಲಿಲ್ಲ. ಸಿನಿಮಾದ ಹಾಗೆ ಒಂದು ಕ್ಯಾಮೆರಾ ಇಟ್ಟು ತುಂಡು ತುಂಡಾಗಿ ತೆಗೆದದ್ದು. ನಗು ಆಮೇಲೆ ಬಂದದ್ದು. ಆ ಕಾಲದಲ್ಲಿ ಈ ಕೆಲಸ ಅಂದರೆ ಚಾರ್ಲಿ ಡಗ್ಲಸ್. ಮೊದಲು ಅಮೆರಿಕದ ಟಿವಿ ಕಂಪನಿ ಸಿಬಿಎಸ್‌ನಲ್ಲಿ ಸೌಂಡ್ ಎಂಜಿನಿಯರ್ ಆಗಿದ್ದವರು. 1950ರ ದಶಕದ ಮೊದಲಲ್ಲಿ ಒಂದು ಪೆಟ್ಟಿಗೆ ಕಟ್ಟಿದರು. ಒಳಗೆ ಸುತ್ತುತ್ತಲೇ ಇರುವ 32 ಟೇಪಿನ ಕುಣಿಕೆಗಳು, ಒಂದೊಂದರಲ್ಲಿ ಹತ್ತು ನಗು. ಒಟ್ಟು 320. ಹೊರಗೆ ಟೈಪ್‌ರೈಟರ್ ಥರ ಕೀಲಿಗಳು. ಯಾವ ನಗು ಬೇಕೋ ಆ ಕೀಲಿ ಒತ್ತುವುದು, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾಲಲ್ಲಿ ಪೆಡಲ್ ತುಳಿಯುವುದು. ಹಾರ್ಮೋನಿಯಂ ನುಡಿಸಿದ ಹಾಗೆ ನಗು ನುಡಿಸುತ್ತಿದ್ದರು ಮಾರಾಯ್ರೆ! ಪೆಟ್ಟಿಗೆಗೆ ಬೀಗ. ಯಾರಿಗೂ ಒಳಗೆ ಇಣುಕಲು ಬಿಡುತ್ತಿರಲಿಲ್ಲ.

ಹಾಗಾಗಿ ಮೂರು ಪದ ಇಟ್ಟುಕೊಳ್ಳಿ. ಜನರ ನಗು, ಒಗ್ಗರಣೆ ನಗು, ಡಬ್ಬಿ ನಗು. ನಿಮ್ಮ ವಾಕ್ಯಕ್ಕೆ ಬೇಕಾದದ್ದು ಕೊನೆಯದು.

ನುಡಿಗ:
ಡಬ್ಬಿ ಹಿಂದಿಯದು.

ಸೌಂಡಣ್ಣ:
ನಿಮ್ಮ ಮನೇಲಿ ಸಕ್ಕರೆ ಯಾವುದರಲ್ಲಿ ಇಡ್ತೀರಿ?

ಬೆಳಗಿನ ವಾಕಿಂಗ್:
ಇದಕ್ಕೆ ಇಷ್ಟು ಚರ್ಚೆ ಯಾಕೆ? 'ನಗೆಕೂಟ' ಅಂತ ಆಗಲೇ ಇದೆಯಲ್ಲ. ನಮ್ಮ ಬಡಾವಣೆ ಪಾರ್ಕಿನಲ್ಲಿ ಹನ್ನೆರಡು ಜನ ದಿನಾ ಆರು ಗಂಟೆಗೆ ಸೇರಿ ನಗುತ್ತೇವೆ. ನನ್ನ ಬಿಪಿ ಇಳಿದಿದೆ.

ಅಡಿಬರಹ:
ಸರ್, ಅದು ಲಾಫಿಂಗ್ ಕ್ಲಬ್. ಸೌಂಡಣ್ಣ, ಒಂದು ಅನುಮಾನ. ಓದುಗರು ಕಿವಿಯಿಂದಲೇ ಜನರ ನಗು, ಡಬ್ಬಿ ನಗು ಎರಡನ್ನೂ ಬೇರೆ ಮಾಡಬಹುದು ಅಂತ ಲೇಖನದಲ್ಲಿದೆ. ಹೇಗೆ?

ಸೌಂಡಣ್ಣ:
ಕಿವಿಗಿಂತ ನಟರ ಮುಖ ನೋಡಿ. ಎದುರಿಗೆ ಜನ ನಗುತ್ತಿದ್ದರೆ ನಟ ಕಾಯಲೇಬೇಕು, ಇಲ್ಲವಾದರೆ ಮುಂದಿನ ಮಾತು ನಗುವಿನಲ್ಲಿ ಮುಳುಗುತ್ತದೆ. ಸುಮ್ನೆ ನಿಲ್ಲಲಾಗದೆ ಕಾಫಿ ಕುಡಿಯುತ್ತಾನೆ, ಹುಬ್ಬು ಏರಿಸುತ್ತಾನೆ. ಫ್ರೆಂಡ್ಸ್‌ನ ನಗು ತೆಗೆದುಹಾಕಿದ ವಿಡಿಯೋ ನೋಡಿದ್ದೀರಲ್ವಾ? ಒಬ್ಬ ಮಾತಾಡಿ ಎರಡು ಮೂರು ಸೆಕೆಂಡ್ ಬೆಪ್ಪನಂತೆ ದಿಟ್ಟಿಸುತ್ತಾ ನಿಲ್ಲುತ್ತಾನೆ. ಆ ಜಾಗ ನಗುವಿಗೆ ಬಿಟ್ಟದ್ದು. ಮ್ಯಾಶ್‌ನಲ್ಲಿ ಆ ಖಾಲಿ ಜಾಗ ಅಷ್ಟಿಲ್ಲ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೀಳುತ್ತದೆ. ಹಾಗಾಗಿ ಬಿಬಿಸಿಯವರು ಅದನ್ನು ನಗು ಇಲ್ಲದೆಯೇ ತೋರಿಸಿದರು, ಏನೂ ಕೆಡಲಿಲ್ಲ. ನಗು ಬೇಕು ಅಂತ ಹಠ ಹಿಡಿದದ್ದು ಮ್ಯಾಶ್ ಪ್ರಸಾರ ಮಾಡುತ್ತಿದ್ದ ಸಿಬಿಎಸ್. ಆ ಧಾರಾವಾಹಿಯನ್ನು ಬರೆಸಿ ಕಟ್ಟಿದ ಲ್ಯಾರಿ ಗೆಲ್ಬಾರ್ಟ್‌ಗೆ ಬೇಡವಾಗಿತ್ತು. ಕೊರಿಯಾ ಯುದ್ಧದ ಮಧ್ಯೆ ಹೊಟ್ಟೆ ಸೀಳಿ ಗುಂಡು ತೆಗೆಯುತ್ತಿರುವಾಗ ಯಾರು ಕೂತು ನಗುತ್ತಿದ್ದಾರೆ? ಕೊನೆಗೆ ಆಪರೇಷನ್ ದೃಶ್ಯ ಬಿಟ್ಟು ಉಳಿದದ್ದಕ್ಕೆ ಅಂತ ಒಪ್ಪಂದ ಆಯಿತು.

ನಗು ಬಿಟ್ಟುಬಿಟ್ಟ ಧಾರಾವಾಹಿಗಳಿಗೂ ಕಾರಣ ಇದೇ. 2001ರ ಇಂಗ್ಲೆಂಡಿನ 'ದಿ ಆಫೀಸ್' ತಗೊಳ್ಳಿ. ಅಲ್ಲಿ ನಗು ಬರುವುದೇ ಯಾರೂ ನಗದೆ ಇರುವುದರಿಂದ. ಬಾಸ್ ಒಂದು ಕೆಟ್ಟ ಜೋಕ್ ಹೇಳುತ್ತಾನೆ, ಆಫೀಸ್ ಪೂರ್ತಿ ಮೌನ, ಒಬ್ಬ ಮೆಲ್ಲಗೆ ಕ್ಯಾಮೆರಾ ಕಡೆ ನೋಡುತ್ತಾನೆ. ಅಲ್ಲಿ ಮುನ್ನೂರು ಜನರ ನಗು ಸುರಿದರೆ ಬಾಸ್ ಗೆದ್ದ ಹಾಗೆ ಆಗುತ್ತದೆ, ಜೋಕ್ ಸತ್ತುಹೋಗುತ್ತದೆ.

ಅಮೆರಿಕದ ಅತ್ತಿಗೆ:
ಜನರ ನಗು ಅಂತ ಅಷ್ಟು ಹೊಗಳಬೇಡಿ. ನಾನು ಲಾಸ್ ಏಂಜಲೀಸಿನಲ್ಲಿ ಒಂದು ಶೂಟಿಂಗ್‌ಗೆ ಹೋಗಿ ಕೂತಿದ್ದೆ. ಇಪ್ಪತ್ತೆರಡು ನಿಮಿಷದ ಕಂತಿಗೆ ನಾಲ್ಕು ಗಂಟೆ. ನಡುನಡುವೆ ಒಬ್ಬ ಬಂದು ಚಾಕೊಲೇಟ್ ಎಸೆದು, ಹಾಡು ಹೇಳಿಸಿ, ನಿದ್ದೆ ಹೋಗದ ಹಾಗೆ ನೋಡಿಕೊಳ್ಳುತ್ತಿದ್ದ. ಒಂದೇ ಜೋಕಿಗೆ ಮೂರನೇ ಸಲ ಎಷ್ಟು ನಗುತ್ತೀರಿ ಹೇಳಿ? 'ಮೊದಲ ಸಲ ಕೇಳಿದಂತೆ ನಗಿ' ಅಂತ ಅವನೇ ಬೇಡಿಕೊಂಡ. ಒಂದು ಕಡೆ ಮಾತ್ರ ಯಾರೂ ನಗಲಿಲ್ಲ. ಬರೆಯುವವರು ಮೂಲೆಯಲ್ಲಿ ಗುಂಪುಗೂಡಿ ಪಿಸುಗುಟ್ಟಿ ಮಾತನ್ನೇ ಬದಲಿಸಿದರು. ಹೊಸದಕ್ಕೆ ನಿಜವಾಗಿ ನಕ್ಕೆವು. ಅಷ್ಟಕ್ಕಾದರೂ ನಾವು ಬೇಕಿತ್ತು ಅನ್ನಿ.

ಪದಪ್ರಿಯ:
ಸರಿ, ಫ್ರೆಂಡ್ಸ್ ವಿಷಯ ಒಪ್ಪಿದೆ. ನಗೆದೊಡವು ವಾಪಸ್ ತಗೊಳ್ಳುವುದಿಲ್ಲ.

ನುಡಿಗ:
ನಗ ಅನ್ನುವುದು ಹರಳು, ಉತ್ತರದಿಂದ ಬಂದ ಮಾತು. ನಗೆಗೂ ಅದಕ್ಕೂ ನಂಟಿಲ್ಲ. ಬಾಶೆಯ ಹೆಸರಲ್ಲಿ ಕತೆ ಕಟ್ಟಬೇಡಿ.

ಪದಪ್ರಿಯ:
'ಭಾಷೆ' ಬರೆಯಲು ಕಲಿತು ಬನ್ನಿ, ಆಮೇಲೆ ಮಾತಾಡೋಣ.

ಅಡಿಬರಹ:
ದಯವಿಟ್ಟು ಜಗಳ ಬೇಡ, ಐದು ಗಂಟೆ ಆಯಿತು. ಹೀಗೆ ಬರೆದಿದ್ದೇನೆ: 'ಮ್ಯಾಶ್‌ಗೆ ಡಬ್ಬಿ ನಗು ಹಾಕುತ್ತಿದ್ದರು, ಆಪರೇಷನ್ ದೃಶ್ಯಗಳಿಗೆ ಮಾತ್ರ ಹಾಕುತ್ತಿರಲಿಲ್ಲ.' ಸ್ವೀಟನಿಂಗ್‌ಗೆ 'ನಗುವಿಗೆ ಒಗ್ಗರಣೆ'. ಸ್ಟುಡಿಯೋ ಆಡಿಯನ್ಸ್ 'ಸ್ಟುಡಿಯೋ ಪ್ರೇಕ್ಷಕರು'. ಆದರೆ ಕೊನೆಯ ಪ್ಯಾರಾದಲ್ಲಿ ಇನ್ನೊಂದಿದೆ. 'ಹೌ ಐ ಮೆಟ್ ಯುವರ್ ಮದರ್' ಶೂಟಿಂಗ್‌ನಲ್ಲಿ ಪ್ರೇಕ್ಷಕರಿಲ್ಲ. ಎಡಿಟ್ ಆದ ಕಂತನ್ನು ಜನರಿಗೆ ತೋರಿಸಿ, ಅವರು ನಕ್ಕದ್ದನ್ನು ರೆಕಾರ್ಡ್ ಮಾಡಿ ಸೇರಿಸಿದ್ದಾರೆ. ಇದು ಡಬ್ಬಿಯಾ, ಜನರದ್ದಾ?

ಸೌಂಡಣ್ಣ:
ನಗು ನಿಜ, ಅದೇ ಕಂತು ನೋಡಿಯೇ ನಕ್ಕದ್ದು. ಆದರೆ ನಟರಿಗೆ ಕೇಳಿಸಿದ್ದಲ್ಲ. ಡಬ್ಬಿ ಅನ್ನಲು ಮನಸ್ಸು ಬರುತ್ತಿಲ್ಲ. ಪದ ಬಿಡಿ, ಈಗ ಬರೆದಿರಲ್ಲ, ಅದೇ ಎರಡು ವಾಕ್ಯ ಹಾಕಿ ಕಳಿಸಿ.

ನುಡಿಗ:
'ತಡನಗೆ'. ತಡವಾಗಿ ಬಂದ ನಗೆ.

ಅಡಿಬರಹ:
ಅಯ್ಯೋ, ಇದು ಚೆನ್ನಾಗಿದೆ! ಹಾಕಲಾ?

ಪದಪ್ರಿಯ:
ಬೇಡ. ಜೋಕ್ ತಡವಾಗಿ ಅರ್ಥವಾಯಿತು ಅಂದುಕೊಳ್ಳುತ್ತಾರೆ.