ಅಪ್ಪನ ಫಿಸ್ಟುಲಾ ಮನೇಲಿ ನೋಡ್ಕೊಳ್ಳೋದು ಹೇಗೆ

"ಚಿಕ್ಕಮ್ಮ, ಅಪ್ಪಂಗೆ ಎಡಗೈ ಮಣಿಕಟ್ಟಲ್ಲಿ ಫಿಸ್ಟುಲಾ ಮಾಡಿ ಒಂದು ತಿಂಗಳಾಯ್ತು, ಈಗ ಕುತ್ತಿಗೆಗೆ ಹಾಕಿರೋ ಟ್ಯೂಬಲ್ಲೇ ಡಯಾಲಿಸಿಸ್ ಆಗ್ತಿದೆ. ಕೈ ಮುಟ್ಟಿದ್ರೆ ಝುಂ ಅನ್ನತ್ತೆ, ಅದು ಸರೀನಾ? ಮನೇಲಿ ಏನು ನೋಡ್ಕೋಬೇಕು?"

ಆ ಝುಂ ಇದ್ರೇನೇ ಸರಿ ಪುಟ್ಟಿ, ಅದು ಇಲ್ಲ ಅಂದ್ರೆ ಭಯ ಪಡಬೇಕು. ಫಿಸ್ಟುಲಾ ಅಂದ್ರೆ ಡಯಾಲಿಸಿಸ್ಸಿಗೆ ಅಂತ ಕೈಯಲ್ಲಿ ಆರ್ಟರಿನ ವೇನಿಗೆ, ಅಂದ್ರೆ ಉಬ್ಬಿ ಕಾಣೋ ನರಕ್ಕೆ, ಜೋಡಿಸಿರೋದು. ಆರ್ಟರಿ ರಕ್ತ ನೇರವಾಗಿ ವೇನ್ ಒಳಗೆ ರಭಸವಾಗಿ ನುಗ್ಗತ್ತಲ್ಲ, ಅದರ ಅದುರುವಿಕೆ ಅದು, ನಮ್ಮ ಡಯಾಲಿಸಿಸ್ ಯೂನಿಟ್ಟಲ್ಲಿ ಥ್ರಿಲ್ ಅಂತೀವಿ. ಬೆಳಿಗ್ಗೆ ಎದ್ದ ತಕ್ಷಣ ಒಂದ್ಸಲ, ರಾತ್ರಿ ಮಲಗೋ ಮುಂಚೆ ಒಂದ್ಸಲ ಭಾವ ಅವರೇ ಬಲಗೈ ಎರಡು ಮೂರು ಬೆರಳ ತುದೀನ ಆಪರೇಷನ್ ಗಾಯದ ಮೇಲೆ ಹಗುರವಾಗಿ ಇಟ್ಟು ನೋಡ್ಬೇಕು, ಒತ್ತಬಾರದು, ಒತ್ತಿದ್ರೆ ಗೊತ್ತಾಗಲ್ಲ. ಗಾಯದ ಹತ್ರ ಜೋರಾಗಿರತ್ತೆ, ಹಾಗೇ ಬೆರಳು ಮೊಣಕೈ ಕಡೆ ಸರಿಸ್ತಾ ಹೋದ್ರೆ ನಿಧಾನಕ್ಕೆ ಕಮ್ಮಿ ಆಗತ್ತೆ. ದಿನಾ ಎಲ್ಲಿವರೆಗೆ ಸಿಗತ್ತೆ ಅನ್ನೋದು ಅವರ ಬೆರಳಿಗೇ ಅಭ್ಯಾಸ ಆಗ್ಬೇಕು, ಆಗ ಬದಲಾದ್ರೆ ಡಾಕ್ಟರಿಗಿಂತ ಮೊದ್ಲು ಅವರಿಗೇ ತಿಳಿಯತ್ತೆ.

ಬದಲಾವಣೆ ಅಂದ್ರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಬೆಕ್ಕು ಗುರುಗುಟ್ಟೋ ತರ ಬಿಡದೆ ಬರ್ತಿದ್ದಿದ್ದು ನಾಡಿ ತರ ಡಬ್ ಡಬ್ ಅಂತ ಗಟ್ಟಿಯಾಗಿ ಬಡಿಯಕ್ಕೆ ಶುರುವಾದ್ರೆ, ಮೇಲ್ಗಡೆ ಎಲ್ಲೋ ನರ ಒಳಗೆ ಕಿರಿದಾಗಿದೆ, ರಕ್ತ ಸಲೀಸಾಗಿ ಮುಂದಕ್ಕೆ ಹೋಗ್ತಿಲ್ಲ ಅಂತ ಅನುಮಾನ ಪಡಬೇಕು. ಮಲಗಿ ಕೈ ಮೇಲಕ್ಕೆ ಎತ್ತಿ ನೋಡಿದ್ರೆ ಉಬ್ಬಿರೋ ನರ ಇಳಿದು ಚಪ್ಪಟೆ ಆಗ್ಬೇಕು, ಎತ್ತಿದ್ರೂ ಗಟ್ಟಿಯಾಗಿ ಉಬ್ಬೇ ಇದ್ರೆ ಅದೂ ಇದೇ ಸೂಚನೆ. ಮುಂದೆ ಫಿಸ್ಟುಲಾದಲ್ಲೇ ಡಯಾಲಿಸಿಸ್ ಶುರುವಾದ ಮೇಲೆ, ಸೂಜಿ ತೆಗೆದ ಜಾಗದಲ್ಲಿ ಹತ್ತು ಹದಿನೈದು ನಿಮಿಷಕ್ಕೆ ನಿಲ್ತಿದ್ದ ರಕ್ತ ಅರ್ಧ ಗಂಟೆ ಆದ್ರೂ ನಿಲ್ತಿಲ್ಲ, ಮೆಷೀನಿಂದ ರಕ್ತ ವಾಪಸ್ ಹೋಗೋ ಕಡೆ ಒತ್ತಡ ಜಾಸ್ತಿ ಅಂತ ವೀನಸ್ ಪ್ರೆಷರ್ ಅಲಾರ್ಮ್ ಪದೇಪದೇ ಬರ್ತಿದೆ ಅಂದ್ರೂ ಹೀಗೇ ತಿಳ್ಕೋಬೇಕು. ಈ ಹಂತದಲ್ಲೇ ಹೇಳಿದ್ರೆ ರಕ್ತದ ಹರಿವು ನೋಡೋ ಡಾಪ್ಲರ್ ಸ್ಕ್ಯಾನ್ ಮಾಡಿ, ಬೇಕಾದ್ರೆ ಬಲೂನ್ ಹಾಕಿ ಅಗಲ ಮಾಡ್ತಾರೆ, ಫಿಸ್ಟುಲಾ ಉಳಿಯತ್ತೆ.

ನಮ್ಮಲ್ಲಿ ಬರೋ ಒಬ್ರಿಗೆ ಹೀಗೇ ರಕ್ತ ನಿಲ್ಲೋದು ಕೆಲವು ವಾರದಿಂದ ತಡ ಆಗ್ತಿತ್ತು, ಮನೇಲಿ ಯಾರೂ ಅದನ್ನ ಹೇಳಿರ್ಲಿಲ್ಲ. ಒಂದು ರಾತ್ರಿ ವಾಂತಿ ಭೇದಿ ಆಗಿ ಬಿಪಿ ಇಳೀತು, ಬೆಳಿಗ್ಗೆ ಮುಟ್ಟಿದ್ರೆ ಝುಂ ಇಲ್ಲ, ನರ ಹಗ್ಗದ ತರ ಗಟ್ಟಿ. ಮೊದ್ಲೇ ಕಿರಿದಾಗಿದ್ದ ಜಾಗ, ಬಿಪಿ ಇಳಿದಾಗ ಹರಿವು ಕಮ್ಮಿ ಆಗಿ ಹೆಪ್ಪುಗಟ್ಟಿತ್ತು. ಮಗ ನಾಳೆ ಹೇಗೂ ಡಯಾಲಿಸಿಸ್ ಇದೆ ಆಗ ತೋರಿಸೋಣ ಅಂದ, ಹೆಂಡ್ತಿ ಒಪ್ಪದೆ ಆಗಲೇ ಫೋನ್ ಮಾಡಿದ್ರು, ಅವತ್ತೇ ಹೆಪ್ಪು ತೆಗೆದು ಬಲೂನ್ ಹಾಕಿದ್ರು, ಈಗ್ಲೂ ಅದೇ ಕೈಯಲ್ಲಿ ನಡೀತಿದೆ. ಅದಕ್ಕೇ ಝುಂ ಸಿಗ್ಲಿಲ್ಲ ಅಂದ್ರೆ ಒಂದ್ಸಲ ಕಿವಿ ಇಟ್ಟು ಕೇಳಿ, ಹುಶ್ ಹುಶ್ ಸದ್ದೂ ಇಲ್ಲ ಅಂದ್ರೆ ರಾತ್ರಿ ಆದ್ರೂ ಆಗಲೇ ಫೋನ್ ಮಾಡಿ ಹೊರಡಿ. ತಡ ಆದಷ್ಟೂ ಉಳಿಸೋದು ಕಷ್ಟ. ಉಜ್ಜೋದು, ಬಿಸಿ ಶಾಖ ಕೊಡೋದು ಏನೂ ಬೇಡ. ವಾಂತಿ ಭೇದಿ ಆದಾಗ, ತಲೆ ಸುತ್ತಿದಾಗ ದಿನದ ಲೆಕ್ಕ ಬಿಟ್ಟು ಮಧ್ಯೆ ಮಧ್ಯೆ ಮುಟ್ಟಿ ನೋಡ್ತಿರಿ.

ಇನ್ನು ಫಿಸ್ಟುಲಾ ಇರೋ ಎಡಗೈಗೆ ಬಿಪಿ ಪಟ್ಟಿ ಕಟ್ಟೋದು, ರಕ್ತ ತೆಗೆಯೋದು, ಡ್ರಿಪ್ಸ್ ಯಾವ್ದೂ ಬೇಡ. ಲ್ಯಾಬಿನವರು ಉಬ್ಬಿದ ನರ ಕಂಡ ತಕ್ಷಣ ಅದಕ್ಕೇ ಕೈ ಹಾಕ್ತಾರೆ, ಭಾವ ಸಂಕೋಚ ಪಡದೆ ಬೇಡ ಅನ್ಬೇಕು. ವಾಚು, ದೇವಸ್ಥಾನದ ದಾರ ಕೂಡ ಬಲಗೈಗೆ, ಬಿಗಿ ತೋಳಿನ ಶರ್ಟು ಬೇಡ. ಎಡಗೈ ತಲೆ ಕೆಳಗಿಟ್ಟು ಮಲಗೋ ಅಭ್ಯಾಸ ಅವರಿಗಿದೆ, ಅದನ್ನ ಬಿಡಿಸು. ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್ ಎತ್ತೋದು ಬೇಡ, ಮೆತ್ತನೆ ಬಾಲ್ ಹಿಚುಕೋ ವ್ಯಾಯಾಮ ಡಾಕ್ಟರ್ ಹೇಳಿದ್ರೆ ಮಾಡ್ಲಿ. ಸೂಜಿ ಶುರುವಾದ ಮೇಲೆ ಪ್ರತಿ ಸಲ ಮುಂಚೆ ಕೈ ಸೋಪಲ್ಲಿ ತೊಳೀಬೇಕು, ಹಕ್ಕಳೆ ಕೀಳಬಾರದು. ಕೆಂಪಾಗಿ ಬಿಸಿ ಆಗಿ ನೋವು, ಕೀವು, ಚಳಿಜ್ವರ ಬಂದ್ರೆ ಸೋಂಕು, ಅವತ್ತೇ ತೋರಿಸಿ. ಬೆರಳು ತಣ್ಣಗಾಗಿ ಜೋಮು ಹಿಡಿದು ನೋಯ್ತಿದ್ರೆ ಕೈಗೆ ರಕ್ತ ಸಾಲ್ತಿಲ್ಲ, ಅದನ್ನೂ ಮುಚ್ಚಿಡಬೇಡಿ.

ಒಂದು ಮಾತು ಮನೇಲಿ ಎಲ್ರಿಗೂ ಗೊತ್ತಿರ್ಲಿ. ಉಬ್ಬಿದ ಜಾಗದ ಚರ್ಮ ತೆಳುವಾಗಿ ಹೊಳೀತಿದ್ರೆ, ಹಕ್ಕಳೆ ಒಣಗದೆ ದೊಡ್ಡದಾಗ್ತಿದ್ರೆ ಕಾಯದೆ ಆಸ್ಪತ್ರೆಗೆ ಕರ್ಕೊಂಡ್ ಹೋಗಿ, ಅದು ಒಡೀಬಹುದು. ಒಡೆದು ರಕ್ತ ಚಿಮ್ಮಿದ್ರೆ ಟವೆಲ್ ಸುತ್ತಿ ಕೂರಬೇಡಿ, ರಕ್ತ ಟವೆಲ್ಲೊಳಗೆ ಹೋಗ್ತಾನೇ ಇರತ್ತೆ. ಭಾವನ್ನ ಮಲಗಿಸಿ, ಕೈ ಮೇಲೆತ್ತಿ, ರಕ್ತ ಬರೋ ತೂತಿನ ಮೇಲೇ ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿದು, ಇನ್ನೊಬ್ರ ಕೈಲಿ 108ಕ್ಕೆ ಫೋನ್ ಮಾಡಿಸಿ, ಅವರು ಬರೋವರೆಗೂ ಬೆರಳು ಎತ್ತಿ ನೋಡ್ಬೇಡಿ.